ಸಿಟ್ಟಿಗಿಂತ ಮುಂಚೆ ಬಂದದ್ದು ಏನು?

ಒಂದು ಸೋಮವಾರದ ಮೀಟಿಂಗ್‌ನಿಂದ ಶುರು ಮಾಡುತ್ತೇನೆ. ಜಾಗ ಬೆಂಗಳೂರಿನ ಪೀಣ್ಯ. ಕಾರ್ಖಾನೆಯ ಹೆಸರು ಬೇಡ. ಗಾಡಿಗಳ ಬಿಡಿಭಾಗ ಮಾಡುವ ಸಣ್ಣ ಕಂಪನಿ, ನಾನು ಅಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ರಿವ್ಯೂ. ಮೇಜಿನ ಈ ಕಡೆ ನಾವು, ಆ ಕಡೆ ಪ್ರೊಡಕ್ಷನ್‌ನವರು, ತುದಿಯಲ್ಲಿ ಪ್ಲಾಂಟ್ ಹೆಡ್. ಎಷ್ಟೋ ವಾರ ಟೀ ಬರುವ ಮುಂಚೆಯೇ ಜಗಳ ಬಂದಿರುತ್ತಿತ್ತು.

ಆ ವಾರದ ವಿಷಯ ಒಂದು ಬುಷ್. ಅಂಗೈಯಲ್ಲಿ ಹಿಡಿಸುವ ಉಕ್ಕಿನ ದಪ್ಪ ಉಂಗುರ ಅಂದುಕೊಳ್ಳಿ. ಅದರ ಒಳಗಿನ ತೂತಿಗೆ ಬೋರ್ ಅನ್ನುತ್ತೇವೆ, ಅದನ್ನು ಕೊರೆಯುವ ಮಷೀನಿನಲ್ಲಿ ಸವೆದಾಗ ಬದಲಾಯಿಸುವ ಚಿಕ್ಕ ಕತ್ತರಿಸುವ ತುದಿಗೆ ಇನ್ಸರ್ಟ್. ಬೋರ್ 25 ಮಿಲಿಮೀಟರ್ ಇರಬೇಕು. 21 ಮೈಕ್ರಾನ್‌ವರೆಗೆ, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 21 ಪಾಲಿನವರೆಗೆ, ದೊಡ್ಡದಾದರೆ ನಡೆಯುತ್ತದೆ, ಚಿಕ್ಕದಾದರೆ ಮಾತ್ರ ನಡೆಯುವುದಿಲ್ಲ. ಗಿರಾಕಿಯ ಶಾಫ್ಟ್ ಅದರೊಳಗೆ ಹೋಗುವುದೇ ಇಲ್ಲ. ಹಾಗೇ ಆಗಿ 400 ಪೀಸ್ ವಾಪಸ್ ಬಂದಿದ್ದವು.

ಪ್ರೊಡಕ್ಷನ್ ಮ್ಯಾನೇಜರ್ ನನ್ನ ಕಡೆ ತಿರುಗಿ ಕೇಳಿದರು: "ಏನ್ ಮೇಡಂ, ನಾನೂರು ಪೀಸ್ ಗೇಟ್ ದಾಟೋವರೆಗೂ ಕ್ವಾಲಿಟಿಯವರು ನಿದ್ದೆ ಮಾಡ್ತಿದ್ರಾ?" ಆ ಕಡೆಯಲ್ಲಿ ಇಬ್ಬರು ನಕ್ಕರು. ನನ್ನ ಹಿಂದಿನ ಕುರ್ಚಿಗಳಲ್ಲಿ ನಮ್ಮ ವಿಭಾಗದ ಇಬ್ಬರು ಹೊಸ ಹುಡುಗಿಯರು ಕೂತಿದ್ದರು.

ನನ್ನ ಬಾಯಿಂದ ಬಂದ ಉತ್ತರ ಇದು: "ನಿಮ್ಮ ಹುಡುಗರು ಇನ್ಸರ್ಟ್ ಬದಲಾಯಿಸೋದು ಕಲಿಯೋವರೆಗೂ ನಾವು ಎದ್ದಿದ್ದು ಏನ್ ಪ್ರಯೋಜನ ಸಾರ್?"

ಈಗ ಕೇಳಿದರೂ ಚೆನ್ನಾಗೇ ಇದೆ ಅಲ್ವಾ? ಆ ಹುಡುಗಿಯರು ಸಂಜೆ ಕ್ಯಾಂಟೀನಿನಲ್ಲಿ "ಸಖತ್ ಕೊಟ್ರಿ ಮೇಡಂ" ಅಂದರು. ಆದರೆ ಮೀಟಿಂಗ್‌ನಲ್ಲಿ ಆಮೇಲೆ ನಡೆದದ್ದು ಬೇರೆ. ಅವರು ಮಾರ್ಚ್ ತಿಂಗಳ ಒಂದು ಹಳೆಯ ವಿಷಯ ತೆಗೆದರು, ನಾನು ಫೆಬ್ರವರಿಯದು ತೆಗೆದೆ. ನಲವತ್ತು ನಿಮಿಷ ಹೋಯಿತು. ಮಷೀನಿನಲ್ಲಿ ಈಗ ಇರುವ ಇನ್ಸರ್ಟ್ ಯಾವಾಗ ಹಾಕಿದ್ದು ಅನ್ನುವ ಒಂದೇ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಬೋರ್ ಕೊರೆಯುವ ಇನ್ಸರ್ಟ್ ಸವೆದಷ್ಟೂ ತೂತು ಚಿಕ್ಕದಾಗುತ್ತಾ ಹೋಗುತ್ತದೆ. ಅದು ನಮಗಿಬ್ಬರಿಗೂ ಗೊತ್ತಿತ್ತು. ನಾವು ಜಗಳ ಆಡುತ್ತಿದ್ದಾಗಲೂ ಅದೇ ಮಷೀನು ಅದೇ ಬುಷ್ ಕೊರೆಯುತ್ತಿತ್ತು.

ಇದನ್ನು ನಾನು ಬಹಳ ವರ್ಷ ನನ್ನ ಸಿಟ್ಟಿನ ಕಥೆ ಅಂತಲೇ ಹೇಳಿಕೊಂಡು ಬಂದೆ. "ನನಗೆ ಸಿಟ್ಟು ಜಾಸ್ತಿ, ಏನು ಮಾಡೋದು" ಅಂತ. ಈಗಿನ ತರಬೇತಿ ಕೊಡುವ ಕೆಲಸಕ್ಕೆ ಬರುವ ಮುಂಚೆ ಒಂದು ದಿನ ಕೂತು ಆ ಒಂದೆರಡು ಕ್ಷಣವನ್ನು ನಿಧಾನಕ್ಕೆ ಓಡಿಸಿ ನೋಡಿದೆ. ಕ್ರಿಕೆಟ್‌ನಲ್ಲಿ ರನ್‌ಔಟ್ ನೋಡುವ ಹಾಗೆ. ಆಗ ಸಿಕ್ಕಿದ್ದು ಬೇರೇನೋ.

ಅವರು "ನಾನೂರು ಪೀಸ್" ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಒಂದು ಹಾಳೆ. ನೈಟ್ ಶಿಫ್ಟಿನ ತಪಾಸಣೆ ಶೀಟು. ಗಂಟೆಗೊಂದು ರೀಡಿಂಗ್ ತೆಗೆದು ಬರೆಯಬೇಕು ಅನ್ನುವುದು ನಮ್ಮದೇ ನಿಯಮ. ಆ ರಾತ್ರಿ ಎರಡು ಲೈನಿಗೆ ಒಬ್ಬನೇ ಇನ್‌ಸ್ಪೆಕ್ಟರ್ ಇದ್ದ. ಎಂಟು ಮನೆಗಳಲ್ಲಿ ಎರಡು ಮಾತ್ರ ತುಂಬಿದ್ದವು, ಆರು ಖಾಲಿ. ಬೆಳಿಗ್ಗೆ ಬಂದ ನಾನು, ಒಂದು ದಿನ ತಾನೆ ಅಂತ ಸಹಿ ಹಾಕಿದ್ದೆ. ಆ ಹಾಳೆ ನೆನಪಾದಾಗ ಹೊಟ್ಟೆಯಲ್ಲಿ ಆದದ್ದು ಸಿಟ್ಟಲ್ಲ. ಅದು ಅಳುಕು. ಆಮೇಲೆ ಆ ಇಬ್ಬರು ನಕ್ಕರಲ್ಲ, ಹಿಂದೆ ನಮ್ಮ ಹುಡುಗಿಯರು ಕೂತಿದ್ದಾರೆ ಅಂತ ಗೊತ್ತಿತ್ತಲ್ಲ, ಆಗ ಬಂದದ್ದು ಅವಮಾನ. ಸಿಟ್ಟು ಬಂದದ್ದು ಮೂರನೆಯದಾಗಿ. ಸಾಲಿನಲ್ಲಿ ಕೊನೆಗೆ ನಿಂತಿದ್ದವನು ಎಲ್ಲರನ್ನೂ ತಳ್ಳಿ ಮೈಕ್ ಹಿಡಿದುಕೊಂಡ.

ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ. ಬಿಸಿಯಾದ ಮೀಟಿಂಗ್‌ನಲ್ಲಿ ಬಾಯಿ ತೆಗೆಯುವ ಮುಂಚೆ ಒಳಗೆ ಆಗುತ್ತಿರುವುದಕ್ಕೆ ಒಂದು ಹೆಸರಿಡಿ. ಆದರೆ ಮೊದಲು ತೋಚಿದ ಹೆಸರನ್ನೇ ನಂಬಬೇಡಿ. ಅದು ಹೆಚ್ಚಿನ ಸಲ "ಸಿಟ್ಟು" ಅಂತಲೇ ಇರುತ್ತದೆ, ಮತ್ತು ಎಷ್ಟೋ ಸಲ ತಪ್ಪಾಗಿರುತ್ತದೆ. ಸರಿಯಾದ ಹೆಸರು ಸಿಕ್ಕರೆ ಮುಂದಿನ ವಾಕ್ಯ ಏನಿರಬೇಕು ಅಂತ ಅದೇ ತೋರಿಸುತ್ತದೆ.

ಸುಮ್ನೆ ಹೆಸರಿಟ್ಟರೆ ಏನಾಗುತ್ತದೆ ಅಂತ ನಿಮಗೆ ಅನುಮಾನ ಇರಬಹುದು. ನನಗೂ ಇತ್ತು. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರ ತಂಡ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 30 ಜನರನ್ನು ಮಿದುಳಿನ ಸ್ಕ್ಯಾನರಿನಲ್ಲಿ ಮಲಗಿಸಿ ಸಿಟ್ಟಾದ, ಹೆದರಿದ ಮುಖಗಳ ಚಿತ್ರ ತೋರಿಸಿದರು. ಒಂದು ಸರದಿಯಲ್ಲಿ ಆ ಮುಖದ ಭಾವನೆಗೆ ಸರಿಯಾದ ಪದ ಆರಿಸಬೇಕು. ಇನ್ನೊಂದು ಸರದಿಯಲ್ಲಿ ಆ ಮುಖಕ್ಕೆ ಒಪ್ಪುವ ಗಂಡು ಹೆಸರನ್ನೋ ಹೆಣ್ಣು ಹೆಸರನ್ನೋ ಆರಿಸಬೇಕು. ಎರಡರಲ್ಲೂ ಪದ ಆರಿಸುವ ಕೆಲಸವೇ. ಆದರೆ ಭಾವನೆಯ ಪದ ಆರಿಸುವಾಗ ಮಾತ್ರ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಕಡಿಮೆಯಾಯಿತು. ಅಪಾಯ ಕಂಡರೆ ಎಚ್ಚರಿಸುವುದರಲ್ಲಿ ಈ ಭಾಗದ ಪಾತ್ರ ದೊಡ್ಡದು. ಅದೇ ಹೊತ್ತಿಗೆ ಹಣೆಯ ಹಿಂದೆ, ಬಲಗಡೆ ಇರುವ ಒಂದು ಭಾಗ ಜಾಸ್ತಿ ಕೆಲಸ ಮಾಡಿತು.

ಅವರು ನೋಡಿದ್ದು ಚಿತ್ರಗಳನ್ನು, ಎದುರಿಗೆ ಕೂತು ಕೂಗುವ ಮ್ಯಾನೇಜರನ್ನಲ್ಲ. ಇದನ್ನು ಮರೆಯಬಾರದು. ಆದರೆ 2012ರಲ್ಲಿ ಅದೇ ಬಳಗದವರು ನಿಜವಾದ ಜೇಡ ತಂದರು. ಜೇಡ ಕಂಡರೆ ನಡುಗುವ 88 ಜನ, ಎದುರಿಗೆ ಜೀವ ಇರುವ ಟ್ಯಾರಂಟುಲಾ. ಕೆಲವರಿಗೆ ತಮ್ಮ ಭಯವನ್ನು ಬಾಯಿಬಿಟ್ಟು ಹೆಸರಿಸಿ ಹೇಳಲು ಹೇಳಿದರು. ಇನ್ನು ಕೆಲವರಿಗೆ "ಅದು ಏನೂ ಮಾಡಲ್ಲ" ಅಂತ ತಮಗೇ ಸಮಾಧಾನ ಹೇಳಿಕೊಳ್ಳುವಂಥ ಮಾತು. ಮತ್ತೆ ಕೆಲವರಿಗೆ ಸಂಬಂಧವೇ ಇಲ್ಲದ ಮಾತು. ಉಳಿದವರು ಏನೂ ಹೇಳದೆ ಜೇಡದ ಎದುರು ಇದ್ದರು. ಒಂದು ವಾರ ಬಿಟ್ಟು ಕರೆಸಿ ನೋಡಿದಾಗ, ಭಯಕ್ಕೆ ಹೆಸರಿಟ್ಟವರ ಕೈ ಕಡಿಮೆ ಬೆವರಿತು.

ನನಗೆ ಬಹಳ ಹಿಡಿಸಿದ್ದು ಅದರ ಇನ್ನೊಂದು ಫಲಿತಾಂಶ. "ಎಷ್ಟು ಭಯ ಆಯಿತು?" ಅಂತ ಕೇಳಿದರೆ ಎಲ್ಲ ಗುಂಪಿನವರೂ ಹೆಚ್ಚು ಕಡಿಮೆ ಒಂದೇ ಉತ್ತರ ಕೊಟ್ಟರು. ಮೈ ಸ್ವಲ್ಪ ಸುಧಾರಿಸಿತ್ತು, ಅವರಿಗೆ ಹಾಗೆ ಅನ್ನಿಸಿರಲಿಲ್ಲ. ಹಾಗಾಗಿ ನೀವು ಇದನ್ನು ಮೊದಲ ಸಲ ಮಾಡಿ ನೋಡಿದಾಗ "ಏನೂ ಆಗಲಿಲ್ಲ, ಇನ್ನೂ ಉರೀತಾ ಇದೆ" ಅನ್ನಿಸಿದರೆ ಬಿಟ್ಟುಬಿಡಬೇಡಿ. ಉರಿ ಇರುತ್ತದೆ. ನಿಮ್ಮ ಬಾಯಿಂದ ಏನು ಬಂತು ಅನ್ನುವುದನ್ನು ನೋಡಿ.

ಈಗ ಪದಗಳ ವಿಷಯಕ್ಕೆ ಬರೋಣ. ಇಲ್ಲಿ ನಮಗೆ ಒಂದು ತೊಂದರೆ ಇದೆ, ಒಂದು ಅನುಕೂಲವೂ ಇದೆ.

ತೊಂದರೆ ಅಂದರೆ "ಬೇಜಾರು". ಸಿನಿಮಾ ಚೆನ್ನಾಗಿಲ್ಲದಿದ್ದರೆ ಬೇಜಾರು. ಅಜ್ಜಿ ತೀರಿಕೊಂಡರೆ ಬೇಜಾರು. ಪ್ರಮೋಷನ್ ಪಕ್ಕದವನಿಗೆ ಸಿಕ್ಕರೆ ಬೇಜಾರು. ಬೈದ ಮೇಲೆ "ಬೇಜಾರು ಮಾಡ್ಕೋಬೇಡಿ". ಒಂದೇ ಪಾತ್ರೆಯಲ್ಲಿ ಸಾರು, ಪಾಯಸ, ಮಜ್ಜಿಗೆ ಎಲ್ಲ ಮಾಡಿದ ಹಾಗೆ. ಆಫೀಸಿನಲ್ಲಿ ಇದರ ತಮ್ಮ ಒಬ್ಬನಿದ್ದಾನೆ, "ಟೆನ್ಷನ್". ತರಬೇತಿಗೆ ಬಂದಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರು ಒಂದು ವಾರ ಡೈರಿ ಬರೆದರು. ಏಳು ದಿನದಲ್ಲಿ ಆರು ದಿನ "ಟೆನ್ಷನ್ ಆಯಿತು" ಅಂತಲೇ ಇತ್ತು. ಇಬ್ಬರೂ ಕೂತು ಬಿಡಿಸಿದೆವು. ಸೋಮವಾರದ್ದು ಗಡಿಬಿಡಿ, ಕೆಲಸ ಮುಗಿಯುತ್ತದೋ ಇಲ್ಲವೋ ಅಂತ. ಬುಧವಾರದ್ದು ಅಪರಾಧಿ ಭಾವ, ಮಗಳ ಶಾಲೆಗೆ ಹೋಗಲು ಆಗಲಿಲ್ಲ ಅಂತ. ಶುಕ್ರವಾರದ್ದು ಹೇಳಲಿಕ್ಕೆ ಅವರು ಸ್ವಲ್ಪ ಹೊತ್ತು ತೆಗೆದುಕೊಂಡರು. ಅದು ಹೊಟ್ಟೆಕಿಚ್ಚು. ಗಡಿಬಿಡಿಗೆ ಬೇಕಾದದ್ದು ಒಂದು ಪಟ್ಟಿ. ಅಪರಾಧಿ ಭಾವಕ್ಕೆ ಒಂದು ಫೋನ್. ಹೊಟ್ಟೆಕಿಚ್ಚಿಗೆ ಏನು ಬೇಕು ಅಂತ ನನಗೆ ಪೂರ್ತಿ ಗೊತ್ತಿಲ್ಲ, ಆದರೆ ಪಟ್ಟಿಯಂತೂ ಅಲ್ಲ. ಆರು ದಿನಕ್ಕೂ ಟೆನ್ಷನ್ ಅಂತ ಬರೆದಿದ್ದರಿಂದ ಅವರು ಆರು ದಿನವೂ ಒಂದೇ ಔಷಧಿ ಮಾಡಿದ್ದರು. ಹೊರಗೆ ಹೋಗಿ ಟೀ ಕುಡಿಯುವುದು.

ಅನುಕೂಲ ಏನು? ನಮ್ಮ ಭಾಷೆಯಲ್ಲಿ ಬಿಡಿ ಬಿಡಿ ಪದಗಳು ಬೇಕಾದಷ್ಟಿವೆ. ಅಳುಕು, ಮುಜುಗರ, ಕಸಿವಿಸಿ, ಕಿರಿಕಿರಿ, ಕಳವಳ, ದಿಗಿಲು, ಮುನಿಸು, ರೇಜಿಗೆ. ಮುಜುಗರ ಮತ್ತು ಅವಮಾನ ಒಂದೇ ಅಲ್ಲ ಅಂತ ನಿಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಪ್ಯಾಂಟಿನ ಜಿಪ್ ಬಿಚ್ಚಿದ್ದರೆ ಮುಜುಗರ, ಅದನ್ನು ಯಾರಾದರೂ ಎಲ್ಲರೆದುರು ಎತ್ತಿ ಆಡಿಕೊಂಡರೆ ಅವಮಾನ.

ಇನ್ನೊಂದು ಪದ ಇದೆ, ದಿನಬಳಕೆಯದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ 33 ಸಂಚಾರಿ ಭಾವಗಳ ಪಟ್ಟಿ ಇದೆ, ಬಂದು ಹೋಗುವ ಭಾವಗಳು. ಅದರಲ್ಲಿ ಒಂದು ಅಮರ್ಷ. ಕ್ರೋಧ ಅಲ್ಲಿ ಬೇರೆಯೇ, ಅದು ಸ್ಥಾಯಿ ಭಾವ, ನೆಲೆಯಾಗಿ ನಿಲ್ಲುವಂಥದ್ದು. ಅಮರ್ಷ ಯಾವಾಗ ಹುಟ್ಟುತ್ತದೆ? ವಿದ್ಯೆಯಲ್ಲೋ ಸಿರಿಯಲ್ಲೋ ಬಲದಲ್ಲೋ ನಮಗಿಂತ ಮೇಲಿರುವವರು ನಮ್ಮನ್ನು ಹೀಗಳೆದಾಗ. ನಟ ಅದನ್ನು ಹೇಗೆ ತೋರಿಸಬೇಕು? ತಲೆ ಅಲ್ಲಾಡಿಸುವುದು, ಬೆವರುವುದು, ತಲೆ ತಗ್ಗಿಸಿ ಯೋಚಿಸುವುದು, ಏನಾದರೂ ಉಪಾಯ ಹುಡುಕುವುದು. ನಮ್ಮ ಅಪ್ರೈಸಲ್ ಮೀಟಿಂಗ್ ನೋಡಿಕೊಂಡೇ ಬರೆದ ಹಾಗಿದೆ ಅಲ್ವಾ! ನಾನು ಈ ಪದವನ್ನು ಸಾಲ ತೆಗೆದುಕೊಂಡಿದ್ದೇನೆ. ಮೇಲಿನವರು ಚುಚ್ಚಿದಾಗ ಬರುವ, ಉತ್ತರ ಕೊಡಲಾಗದ ಆ ಉರಿಗೆ "ಸಿಟ್ಟು" ಅನ್ನುವುದಕ್ಕಿಂತ ಇದೇ ಸರಿಯಾಗಿ ಕೂರುತ್ತದೆ.

ಇನ್ನೂ ಒಂದು ಮಾತು ಇದಕ್ಕೆ ಸೇರಿದ್ದು. ಕನ್ನಡದಲ್ಲಿ ನಾವು "ನಾನು ಸಿಟ್ಟಾಗಿದ್ದೇನೆ" ಅನ್ನುವುದಕ್ಕಿಂತ "ನನಗೆ ಸಿಟ್ಟು ಬಂತು" ಅನ್ನುವುದೇ ಹೆಚ್ಚು. ಬಂತು ಅಂದರೆ ಹೋಗಲೂಬಹುದು. ನಾನು ಬೇರೆ, ಬಂದವನು ಬೇರೆ. ಆಫೀಸಿನಲ್ಲಿ ಇಂಗ್ಲಿಷ್‌ನಲ್ಲಿ ಯೋಚಿಸುವವರು "ಐ ಯಾಮ್ ಆಂಗ್ರಿ" ಅಂತ ಶುರು ಮಾಡಿದರೆ ಆ ಎಡೆ ಸಿಗುವುದಿಲ್ಲ. ಇದು ಯಾರೋ ಅಳೆದು ನೋಡಿದ ಸಂಗತಿ ಅಂತ ನಾನು ಹೇಳುತ್ತಿಲ್ಲ, ನನ್ನ ಅನುಭವ ಅಷ್ಟೇ. ಮೀಟಿಂಗ್ ಇಂಗ್ಲಿಷ್‌ನಲ್ಲಿ ನಡೆಯುತ್ತಿದ್ದರೂ ಹೆಸರನ್ನು ಮನೆಮಾತಿನಲ್ಲೇ ಇಡಿ. ಕನ್ನಡ, ತುಳು, ಕೊಂಕಣಿ, ಉರ್ದು, ನಿಮಗೆ ಅಳು ಯಾವ ಭಾಷೆಯಲ್ಲಿ ಬರುತ್ತದೋ ಅದು.

ಸರಿ, ಮೇಜಿನ ಮುಂದೆ ಕೂತಿದ್ದೀರಿ, ಯಾರೋ ಚುಚ್ಚಿದರು. ಏನು ಮಾಡುವುದು?

ಮೊದಲು ಗೊತ್ತಾಗಬೇಕು. ಭಾವನೆ ಬಂದಿದೆ ಅಂತ ಮನಸ್ಸಿಗೆ ತಿಳಿಯುವ ಮುಂಚೆ ಮೈಗೆ ತಿಳಿದಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಜಾಗ. ನನಗೆ ಕಿವಿ ಬಿಸಿಯಾಗುತ್ತದೆ, ಪೆನ್ನಿನ ಗುಂಡಿ ಟಿಕ್ ಟಿಕ್ ಅನ್ನಿಸುತ್ತೇನೆ. ಇದು ನನಗೆ ಗೊತ್ತೇ ಇರಲಿಲ್ಲ, ಪಕ್ಕ ಕೂರುತ್ತಿದ್ದ ಸಹೋದ್ಯೋಗಿ ಹೇಳಿದ್ದು. ನೀವೂ ಹಾಗೇ ಮಾಡಿ. ಮನೆಯವರನ್ನೋ ಪಕ್ಕದ ಸೀಟಿನವರನ್ನೋ ಕೇಳಿ: "ನಾನು ಸಿಡಿಯೋ ಮುಂಚೆ ಏನು ಮಾಡ್ತೀನಿ?" ತಕ್ಷಣ ಹೇಳುತ್ತಾರೆ. ಯೋಚನೆ ಕೂಡ ಮಾಡುವುದಿಲ್ಲ.

ಆ ಗುರುತು ಕಂಡ ಕೂಡಲೇ ಸ್ವಲ್ಪ ಸಮಯ ಬೇಕು. ಐದಾರು ಸೆಕೆಂಡು ಸಾಕು, ಆದರೆ ಮೀಟಿಂಗ್‌ನಲ್ಲಿ ಆರು ಸೆಕೆಂಡು ಸುಮ್ಮನಿದ್ದರೆ ಸೋತ ಹಾಗೆ ಕಾಣುತ್ತದೆ. ಅದಕ್ಕೆ ನಾನು ಎರಡು ಉಪಾಯ ಬಳಸುತ್ತೇನೆ. ಒಂದು, ವಿಷಯದ ಮೇಲೆ ಒಂದು ಸಣ್ಣ ಪ್ರಶ್ನೆ: "ಯಾವ ಲಾಟ್ ಅಂದ್ರಿ ಸಾರ್?" ಅವರು ಉತ್ತರ ಕೊಡುವಷ್ಟರಲ್ಲಿ ನನಗೆ ಸಮಯ ಸಿಕ್ಕಿತು. ಇನ್ನೊಂದು, ಬರೆದುಕೊಳ್ಳುವುದು. ಅವರು ಹೇಳಿದ್ದನ್ನು ಬರೆದುಕೊಳ್ಳುವವರನ್ನು ಯಾರೂ ಅವಸರ ಮಾಡುವುದಿಲ್ಲ. ಆ ಹಾಳೆಯ ಮೂಲೆಯಲ್ಲೇ ಹೆಸರನ್ನೂ ಬರೆಯುತ್ತೇನೆ.

ಮೊದಲು ತೋಚಿದ ಪದ ಬರೆಯಿರಿ. "ಸಿಟ್ಟು" ಅಂತಲೇ ಬರಲಿ. ಅದರ ಪಕ್ಕದಲ್ಲಿ ಒಂದು ಪ್ರಶ್ನೆ: ಇದಕ್ಕಿಂತ ಮುಂಚೆ ಏನು ಬಂತು? ಹೆಚ್ಚಿನ ಸಲ ಒಂದು ಚಿತ್ರ ಬರುತ್ತದೆ, ನನಗೆ ಆ ಹಾಳೆ ಬಂದ ಹಾಗೆ. ಆ ಚಿತ್ರದ ಜೊತೆ ಬಂದ ಭಾವನೆ ಯಾವುದೋ ಅದನ್ನು ಬರೆಯಿರಿ. ಹೊಸ ಪದ ಸಿಗಲಿಲ್ಲವೋ, ಆಗ ಅದು ಸಿಟ್ಟೇ. ಇರಲಿ.

ಇಲ್ಲಿ ಬಹಳ ಜನ ಜಾರುವ ಒಂದು ಜಾಗ ಇದೆ. "ನನಗೆ ಏನು ಅನ್ನಿಸ್ತಿದೆ?" ಅಂತ ಕೇಳಿದರೆ ಬರುವ ಉತ್ತರ: "ನನ್ನನ್ನ ಬೇಕಂತಲೇ ತುಳೀತಿದ್ದಾರೆ ಅನ್ನಿಸ್ತಿದೆ." ಅನ್ನಿಸ್ತಿದೆ ಅಂತ ಕೊನೆಗೆ ಬಾಲ ಹಚ್ಚಿದ ಮಾತ್ರಕ್ಕೆ ಅದು ಭಾವನೆ ಆಗುವುದಿಲ್ಲ. ಅದು ಆರೋಪ. ಹೀಗೆ ಹೆಸರಿಟ್ಟರೆ ಒಳಗಿನ ಉರಿ ಇಳಿಯುವ ಬದಲು ಏರುತ್ತದೆ, ಯಾಕೆಂದರೆ ನೀವು ಮನಸ್ಸಿನಲ್ಲೇ ಒಂದು ಕೇಸ್ ದಾಖಲು ಮಾಡಿದಿರಿ. ಕಂಡುಹಿಡಿಯುವುದು ಸುಲಭ. ನಿಮ್ಮ ವಾಕ್ಯದಲ್ಲಿ ಇನ್ನೊಬ್ಬರು ಏನೋ ಮಾಡುತ್ತಿದ್ದರೆ ಅದು ಹೆಸರಲ್ಲ. ತುಳೀತಿದ್ದಾರೆ, ಕಡೆಗಣಿಸ್ತಿದ್ದಾರೆ, ಬಳಸಿಕೊಳ್ತಿದ್ದಾರೆ, ಇವೆಲ್ಲ ಅವರ ಕೆಲಸಗಳು. ಅವಮಾನ, ಅಳುಕು, ಕಳವಳ, ಇವು ನಿಮ್ಮಲ್ಲಿ ಇರುವಂಥವು. ಒಂದೇ ಪದದಲ್ಲಿ ಬರೆಯಿರಿ ಅಂತ ನಾನು ಹಟ ಹಿಡಿಯುವುದು ಅದಕ್ಕೆ. ಒಂದೇ ಪದದಲ್ಲಿ ಆರೋಪ ಮಾಡುವುದು ಕಷ್ಟ.

ತಪ್ಪು ಹೆಸರಿನಿಂದ ನಷ್ಟವೂ ಆಗಬಹುದು. 2021ರಲ್ಲಿ ಅಮೆರಿಕದ ಎರಿಕ್ ನೂಕ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮನಸ್ಸಿಗೆ ಹಿಂಸೆಯಾಗುವ ಚಿತ್ರ ನೋಡಿದ ಮೇಲೆ ಮೊದಲು ಭಾವನೆಗೆ ಹೆಸರಿಟ್ಟು, ಆಮೇಲೆ ಅದನ್ನು ಬೇರೆ ರೀತಿ ನೋಡಲು ಪ್ರಯತ್ನಿಸಿದವರಿಗೆ ಆ ಪ್ರಯತ್ನ ಕಷ್ಟವಾಯಿತು. ಹೆಸರಿಡದೆ ಪ್ರಯತ್ನಿಸಿದಾಗ ಅಷ್ಟು ಕಷ್ಟವಾಗಲಿಲ್ಲ. ಹೆಸರು ಇಟ್ಟಾಗ ಭಾವನೆ ಗಟ್ಟಿಯಾಗಿ ಕೂರಬಹುದು ಅನ್ನುವುದು ಅವರ ವಿವರಣೆ. ಲೀಬರ್‌ಮನ್ ಹೇಳಿದ್ದಕ್ಕೆ ಇದು ಉಲ್ಟಾ ಅಲ್ವಾ ಅಂತ ನೀವು ಕೇಳಬಹುದು. ಪೂರ್ತಿ ಉಲ್ಟಾ ಅಲ್ಲ. ಅಲ್ಲಿ ಹೆಸರಿಟ್ಟು ಬಿಟ್ಟರು, ಇಲ್ಲಿ ಹೆಸರಿಟ್ಟ ಮೇಲೆ ಅದನ್ನೇ ಬದಲಾಯಿಸಲು ಹೊರಟರು. ನಾನು ಇದರಿಂದ ಕಲಿತದ್ದು ಎರಡು. ಸಿಮೆಂಟು ಹಾಕುವ ಮುಂಚೆ ಹಲಗೆ ಸರಿಯಾಗಿದೆಯಾ ನೋಡಿಕೊಳ್ಳಬೇಕು, ಅಂದರೆ ಅವಸರದ ಹೆಸರು ಬೇಡ. ಮತ್ತೆ, ಹೆಸರು ಬರೆದ ಮೇಲೆ "ಛೇ, ನನಗೆ ಅವಮಾನ ಆಗಬಾರದು, ಅವರು ತಮಾಷೆಗೆ ಹೇಳಿದ್ದು" ಅಂತ ಒಳಗೊಳಗೆ ತಿದ್ದುತ್ತಾ ಕೂರಬಾರದು. ಬರೆದಾಯಿತು, ತಲೆ ಎತ್ತಿ, ಮೇಜಿನ ಮೇಲಿರುವ ವಿಷಯಕ್ಕೆ ಬನ್ನಿ.

ಈಗ ಹೆಸರಿನಿಂದ ಮುಂದಿನ ವಾಕ್ಯ ಹೇಗೆ ಬರುತ್ತದೆ ಅಂತ ನೋಡೋಣ. ನನ್ನ ಬುಷ್ ಮೀಟಿಂಗ್‌ಗೇ ವಾಪಸ್ ಹೋಗೋಣ. ಮೂಲೆಯಲ್ಲಿ "ಸಿಟ್ಟು" ಅಂತ ಬರೆದು, ಹೊಡೆದು ಹಾಕಿ, "ಅಳುಕು" ಅಂತ ಬರೆದಿದ್ದೆ ಅಂದುಕೊಳ್ಳಿ. ಅಳುಕು ಯಾವಾಗಲೂ ಒಂದು ವಿಷಯವನ್ನು ಮುಚ್ಚಿಡಲು ಹೇಳುತ್ತಿರುತ್ತದೆ. ಮುಚ್ಚಿಡುವ ವಿಷಯ ನನಗೆ ಗೊತ್ತು, ಆರು ಖಾಲಿ ಮನೆಗಳು. ಅದು ಹೇಗೂ ಹೊರಗೆ ಬರುತ್ತದೆ, ಗಿರಾಕಿ ಶೀಟು ಕೇಳಿದರೆ ಕೊಡಲೇಬೇಕು. ಹಾಗಾದರೆ ನಾನೇ ಹೇಳುವುದು ಒಳ್ಳೆಯದು. ಆಗ ವಾಕ್ಯ ಹೀಗೆ ಬರುತ್ತಿತ್ತು: "ಆ ಶಿಫ್ಟಿನ ಶೀಟಿಗೆ ಸಹಿ ನನ್ನದೇ ಸಾರ್. ಗಂಟೆಗೊಂದು ರೀಡಿಂಗ್ ಆಗಿಲ್ಲ, ಎರಡೇ ಆಗಿವೆ. ಅದು ನಮ್ಮ ತಪ್ಪು. ಈಗ ಮಷೀನಲ್ಲಿರೋ ಇನ್ಸರ್ಟ್ ಎಷ್ಟು ಪೀಸ್ ಕೊರೆದಿದೆ ಅಂತ ಮೊದಲು ನೋಡಿಸೋಣ, ಇಲ್ಲಾಂದ್ರೆ ಇವತ್ತಿನದೂ ಹೋಗುತ್ತೆ." ಇದರಲ್ಲಿ ಅಳುಕು ಅನ್ನುವ ಪದವೇ ಇಲ್ಲ, ಗಮನಿಸಿ.

ಅದೇ ಹೆಸರು "ಅವಮಾನ" ಆಗಿದ್ದರೆ? ನನ್ನ ಶೀಟು ಪೂರ್ತಿ ಸರಿ ಇದೆ, ಆದರೂ ಅವರು ಹಾಗೆ ಆಡಿಕೊಂಡರು ಅಂದುಕೊಳ್ಳಿ. ಅವಮಾನ ಅನ್ನುವುದು ನೋಡುವವರ ಎದುರು ಆಗುವಂಥದ್ದು, ಆದ್ದರಿಂದ ಅದು ನೋಡುವವರ ಎದುರೇ ತೀರಬೇಕು ಅಂತ ಎಳೆಯುತ್ತದೆ. ಅಲ್ಲೇ ತೀರಿಸಲು ಹೋದರೆ ಅವರಿಗೂ ಪ್ರೇಕ್ಷಕರು ಇದ್ದಾರೆ, ಅವರು ಹಿಂದೆ ಸರಿಯಲು ಆಗುವುದಿಲ್ಲ. ಆಗ ಮೀಟಿಂಗ್‌ನಲ್ಲಿ ವಿಷಯ ಮಾತ್ರ: "ಎಂಟೂ ರೀಡಿಂಗ್ ಇವೆ ಸಾರ್, ಇಗೋ ಶೀಟು." ಮಧ್ಯಾಹ್ನ ಅವರ ಜಾಗಕ್ಕೇ ಹೋಗಿ, ಬಾಗಿಲು ಎಳೆದುಕೊಂಡು: "ಬೆಳಿಗ್ಗೆ ನಿದ್ದೆ ಅಂದ್ರಲ್ಲ ಸಾರ್, ನಮ್ಮ ಹುಡುಗಿಯರ ಮುಂದೆ. ಅದು ನನಗೆ ಸರಿ ಕಾಣಲಿಲ್ಲ." ಇಷ್ಟನ್ನು ಹೇಳಲು ಸಿಟ್ಟಿಗಿಂತ ಜಾಸ್ತಿ ಧೈರ್ಯ ಬೇಕು, ನಿಜ.

ಇನ್ನು ಅದು ನಿಜವಾಗಿ ಸಿಟ್ಟೇ ಆಗಿದ್ದರೆ, ಯಾವುದೋ ಗೆರೆ ದಾಟಿದ್ದಾರೆ ಅಂತ ಅರ್ಥ. ಆಗ ಯಾವ ಗೆರೆ ಅಂತ ಹೇಳಿ, ಸೌಮ್ಯವಾಗಬೇಕಾಗಿಲ್ಲ. ಒಂದು ಕಡೆ ತರಬೇತಿ ಕೊಡುವಾಗ ಒಬ್ಬ ಹೆಣ್ಣುಮಗಳು ಕೇಳಿದಳು: "ನಮ್ಮ ಬಾಸ್ ಮೀಟಿಂಗ್‌ನಲ್ಲಿ ದಿನಾ ಕೆಟ್ಟ ಮಾತು ಆಡ್ತಾರೆ, ನಾನು ಎಷ್ಟು ದಿನ ಹೆಸರಿಟ್ಟುಕೊಂಡು ಕೂರಲಿ ಮೇಡಂ?" ಒಂದು ದಿನವೂ ಬೇಡ ಅಂದೆ. ಹೆಸರು ಸಿಕ್ಕಿದೆ, ಅದು ಸಿಟ್ಟು, ಅದು ನ್ಯಾಯವಾದದ್ದು. ತಾರೀಖು, ಮಾತು, ಯಾರಿದ್ದರು ಅಂತ ಬರೆದಿಟ್ಟು ದೂರು ಕೊಡು. ಈ ಅಭ್ಯಾಸವನ್ನು ಜನರನ್ನು ಸುಮ್ಮನಾಗಿಸಲು ಬಳಸುವ ಕಂಪನಿಗಳಿವೆ. ಅಂಥ ಕಡೆಗೆ ತರಬೇತಿಗೆ ಕರೆದರೆ ನನಗೇ ರೇಜಿಗೆ ಆಗುತ್ತದೆ.

ಹೆಸರನ್ನು ಬಾಯಿಬಿಟ್ಟು ಹೇಳಬೇಕಾ ಅನ್ನುವುದು ನನಗೆ ಪ್ರತಿ ಸಲ ಬರುವ ಪ್ರಶ್ನೆ. ನಾಲ್ಕು ಜನರ ತಂಡ, ಒಬ್ಬರಿಗೊಬ್ಬರು ಗೊತ್ತು ಅಂದರೆ "ಈ ಡೇಟ್ ಕೇಳಿ ನನಗೆ ಸ್ವಲ್ಪ ದಿಗಿಲಾಗ್ತಿದೆ" ಅನ್ನಬಹುದು, ಕೆಲಸವೂ ಮುಂದೆ ಹೋಗುತ್ತದೆ. ಇಪ್ಪತ್ತು ಜನರ ಮುಂದೆ, ಮೇಲಿನವರ ಎದುರು "ನನಗೆ ಅವಮಾನ ಆಯಿತು" ಅಂದರೆ ಮೀಟಿಂಗ್ ನಿಮ್ಮ ಮೇಲೆ ತಿರುಗುತ್ತದೆ. ಅಲ್ಲಿ ಹಾಳೆಯ ಮೂಲೆಯೇ ವಾಸಿ. ಎದುರಿನವರ ಭಾವನೆಗೆ ಮಾತ್ರ ನೀವು ಹೆಸರಿಡಲು ಹೋಗಬೇಡಿ. "ಸಾರ್, ನಿಮಗೆ ಸಿಟ್ಟು ಬಂದಿದೆ" ಅಂತ ಹೇಳಿ ನೋಡಿ, "ನನಗೆಲ್ಲಿ ಸಿಟ್ಟು ಬಂದಿದೆ!" ಅಂತ ಮೇಜು ಕುಟ್ಟುತ್ತಾರೆ.

ಬೇಕಾದರೆ ಮುಂದಿನ ಮೀಟಿಂಗ್‌ವರೆಗೆ ಕಾಯಬೇಡಿ. ಬಿಸಿ ಹತ್ತಿದಾಗ ಹೊಸ ಪದ ನೆನಪಿಗೆ ಬರುವುದಿಲ್ಲ, ಬಾಯಿಗೆ ಬಿದ್ದಿರುವ ಪದವೇ ಬರುತ್ತದೆ. ದಿನಾ ರಾತ್ರಿ ಒಂದೇ ಒಂದು ಘಟನೆ ತೆಗೆದುಕೊಂಡು ಒಂದು ಪದ ಬರೆಯಿರಿ. ಬೇಜಾರು, ಟೆನ್ಷನ್, ಇವೆರಡಕ್ಕೆ ಮಾತ್ರ ನಿಷೇಧ. ಆ ಬ್ಯಾಂಕಿನವರಿಗೆ ಮೂರನೇ ವಾರಕ್ಕೆ ಹಗಲಿನಲ್ಲೇ ಪದಗಳು ತೋಚಲು ಶುರುವಾದವು.

ನೋಟ್‌ಬುಕ್ಕನ್ನು ಪಕ್ಕದವರು ನೋಡಿದರೆ ಏನು ಗತಿ ಅಂತ ಈಗಾಗಲೇ ಇಬ್ಬರು ಚೀಟಿ ಕಳಿಸಿದ್ದೀರಿ. ನನಗೂ ಅದೇ ಚಿಂತೆ ಇತ್ತು. ಮೊದಲ ಅಕ್ಷರ ಮಾತ್ರ ಬರೆಯೋಣ ಅಂದುಕೊಂಡೆ. ಆದರೆ ಅಳುಕು, ಅವಮಾನ, ಅಮರ್ಷ, ನನಗೆ ಹೆಚ್ಚು ಬೇಕಾಗುವ ಮೂರೂ "ಅ"ದಿಂದಲೇ ಶುರುವಾಗುತ್ತವೆ. ಹಾಗಾಗಿ ಪೂರ್ತಿ ಬರೆಯುತ್ತೇನೆ. ಆ ಕಂಪನಿ ಬಿಡುವ ಮುಂಚೆ ಒಂದು ಸಲ ಅದೇ ಪ್ರೊಡಕ್ಷನ್ ಮ್ಯಾನೇಜರ್ ನನ್ನ ಪಕ್ಕದಲ್ಲೇ ಕೂತಿದ್ದರು. ನನ್ನ ಹಾಳೆಯ ಮೂಲೆ ನೋಡಿ ಮೆಲ್ಲಗೆ ಕೇಳಿದರು, "ಏನ್ ಮೇಡಂ ಅದು, ಕಸಿವಿಸಿ?" "ಏನಿಲ್ಲ ಸಾರ್, ಒಂದು ಲೆಕ್ಕ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನನಗೂ ಅದೇ ಬರುತ್ತೆ ಈ ಮೀಟಿಂಗ್‌ನಲ್ಲಿ" ಅಂದರು.